ಎರ್ತ್ ಮಾಡಿದ ಗೋಳ, ಹೊರಗೊಂದು ಆವೇಶ: ಯಾವ ಪ್ರಶ್ನೆಗೆ ಯಾವ ದಾರಿ?

ನಾಲ್ಕು ಪುಟ ಬರೆದು ತಂದಿದ್ದಳು. ಬದಿಯಡ್ಕದ ಕಡೆಯ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪುಟದ ತುಂಬ ಲೆಜಾಂಡ್ರ್ ಬಹುಪದಿಗಳು, ಒಂದರ ಕೆಳಗೊಂದು ಸಂಕಲನದ ಚಿಹ್ನೆಗಳು. "ಸರ್, ಇದು ಸರಿ ಉಂಟಾ ನೋಡಿ" ಅಂದಳು. ನೋಡಿದೆ. ಉತ್ತರ ಸರಿಯೇ ಇತ್ತು. "ಸರಿ ಉಂಟು. ಆದರೆ ಇಷ್ಟೆಲ್ಲ ಯಾಕೆ ಬರೆದೆ ಮಾರಾಯ್ತಿ? ಅವರು ಕೇಳಿದ್ದು ಗೋಳದ ಮೇಲೆ ಒಟ್ಟು ಎಷ್ಟು ಆವೇಶ ಬರುತ್ತದೆ ಅಂತ ಮಾತ್ರ. ಅದು ಒಂದು ಸಾಲಿನ ಲೆಕ್ಕ."

ಅವಳ ಮುಖ ಸಪ್ಪಗಾಯಿತು. ತಪ್ಪು ಅವಳದ್ದಲ್ಲ. ಈ ಲೆಕ್ಕಕ್ಕೆ ನಾಲ್ಕೈದು ದಾರಿಗಳಿವೆ ಎಂದು ಪಾಠ ಮಾಡುತ್ತೇವೆ, ಯಾವಾಗ ಯಾವುದನ್ನು ಹಿಡಿಯಬೇಕು ಎಂದು ಹೇಳುವುದಿಲ್ಲ. ಅವಳಿಗೆ ಆ ಸಂಜೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲ ದಾರಿಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 10 ಸೆಂ.ಮೀ. ತ್ರಿಜ್ಯದ ಲೋಹದ ಗೋಳ, ಅಂದರೆ ಫುಟ್‌ಬಾಲಿಗಿಂತ ಕೊಂಚ ಸಣ್ಣದು. ಅದನ್ನು ತಂತಿಯಿಂದ ಎರ್ತ್ ಮಾಡಿದ್ದೇವೆ, ಆದ್ದರಿಂದ ಅದರ ವಿಭವ ಸೊನ್ನೆ. ಗೋಳದ ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿ +10 ನ್ಯಾನೊಕೂಲಂನ ಒಂದು ಬಿಂದು ಆವೇಶ. ಗೋಳದ ತ್ರಿಜ್ಯ R, ಕೇಂದ್ರದಿಂದ ಆವೇಶದ ದೂರ d, ಆವೇಶ q. ಕೂಲಂ ಸ್ಥಿರಾಂಕ k ಅನ್ನು 9×10⁹ ಎಂದು ಹಿಡಿಯುತ್ತೇನೆ. ದೂರಗಳನ್ನೆಲ್ಲ ಕೇಂದ್ರದಿಂದ ಅಳೆಯಬೇಕು, ಮೇಲ್ಮೈಯಿಂದಲ್ಲ. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಅಲ್ಲೇ.

ಮೊದಲು ಆ ಒಂದು ಸಾಲಿನ ಲೆಕ್ಕ. ಗೋಳ ವಾಹಕ, ಎರ್ತ್ ಆಗಿದೆ, ಹಾಗಾಗಿ ಅದರ ಒಳಗಿನ ಪ್ರತಿ ಬಿಂದುವಿನಲ್ಲೂ ವಿಭವ ಸೊನ್ನೆ. ಕೇಂದ್ರದಲ್ಲೂ ಸೊನ್ನೆ. ಕೇಂದ್ರದ ವಿಭವಕ್ಕೆ ಕಾರಣರು ಇಬ್ಬರೇ: ಹೊರಗಿನ q, ಮತ್ತು ಮೇಲ್ಮೈಯಲ್ಲಿ ಹರಡಿಕೊಂಡ ಪ್ರೇರಿತ ಆವೇಶ. ಆ ಪ್ರೇರಿತ ಆವೇಶ ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ನಮಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಅದರ ಪ್ರತಿಯೊಂದು ಚೂರೂ ಕೇಂದ್ರದಿಂದ ಸರಿಯಾಗಿ R ದೂರದಲ್ಲೇ ಇದೆ. ಒಟ್ಟು Q ಆದರೆ kq/d + kQ/R = 0, ಅಂದರೆ Q = −qR/d. ನಮ್ಮ ಉದಾಹರಣೆಯಲ್ಲಿ −4 ನ್ಯಾನೊಕೂಲಂ. ಮುಗಿಯಿತು.

ಒಟ್ಟು ಆವೇಶವನ್ನಷ್ಟೇ ಕೇಳಿದರೆ ಇದನ್ನೇ ಹಿಡಿಯಿರಿ. ಹೊರಗೆ ಒಂದರ ಬದಲು ಐದು ಆವೇಶಗಳಿದ್ದರೂ ಕೂಡುತ್ತ ಹೋದರೆ ಆಯಿತು. ಇನ್ನೊಂದು ಉಪಯೋಗ, ಬೇರೆ ದಾರಿಯಲ್ಲಿ ಬಂದ ಉತ್ತರವನ್ನು ಇದರಿಂದ ಪರೀಕ್ಷಿಸಬಹುದು. ಆದರೆ ಈ ದಾರಿಗೆ ಬಲದ ಬಗ್ಗೆ ಏನೂ ಗೊತ್ತಿಲ್ಲ. −4 ನ್ಯಾನೊಕೂಲಂ ಮೇಲ್ಮೈಯ ಯಾವ ಬದಿಯಲ್ಲಿ ಹೆಚ್ಚು ಕೂತಿದೆ ಎಂದು ತಿಳಿಯದೆ ಬಲ ಹೇಳಲಾಗದು. ಆ −4 ಅನ್ನು ಕೇಂದ್ರದಲ್ಲಿಟ್ಟು ಕೂಲಂ ನಿಯಮ ಹಾಕುವವರಿದ್ದಾರೆ. ಅದರಿಂದ 5.76 ಮೈಕ್ರೊನ್ಯೂಟನ್ ಬರುತ್ತದೆ. ಅದು ತಪ್ಪು. ಎಷ್ಟು ತಪ್ಪು ಎಂದು ಈಗ ನೋಡುವ.

ಬಲ ಬೇಕಾದರೆ ಪ್ರತಿಬಿಂಬ ಆವೇಶ, ನಮ್ಮ ಹುಡುಗರು ಹೇಳುವ ಇಮೇಜ್ ಚಾರ್ಜ್. 1840ರ ದಶಕದಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಇಪ್ಪತ್ತರ ಹರೆಯದಲ್ಲಿ ಕಂಡುಕೊಂಡ ಉಪಾಯ ಇದು. ಗೋಳವನ್ನು ತೆಗೆದುಹಾಕಿ, ಅದು ಇದ್ದ ಜಾಗದಲ್ಲಿ ಒಂದು ಕಾಲ್ಪನಿಕ ಬಿಂದು ಆವೇಶ q' ಇಡುವುದು. ಹೇಗೆ ಇಡಬೇಕೆಂದರೆ, q ಮತ್ತು q' ಸೇರಿ ಗೋಳದ ಮೇಲ್ಮೈ ಇದ್ದಲ್ಲೆಲ್ಲ ವಿಭವವನ್ನು ಸೊನ್ನೆ ಮಾಡಬೇಕು. ಒಂದೇ ಒಂದು ಬಿಂದುವಿಗೆ ಇಡೀ ಗೋಳವನ್ನು ಸೊನ್ನೆ ಮಾಡುವ ಶಕ್ತಿ ಎಲ್ಲಿಂದ ಬರುತ್ತದೆ? ಇದಕ್ಕೆ ಹತ್ತನೆಯ ತರಗತಿಯ ಸಮರೂಪ ತ್ರಿಭುಜ ಸಾಕು.

ಕೇಂದ್ರ O. ಹೊರಗಿನ ಆವೇಶ A ಎಂಬಲ್ಲಿ, ಅಂದರೆ OA = d. ಅದೇ ಗೆರೆಯ ಮೇಲೆ ಒಳಗಡೆ B ಎಂಬ ಬಿಂದು, OB = R²/d ಆಗುವಂತೆ. ಮೇಲ್ಮೈಯಲ್ಲಿ ಯಾವುದಾದರೂ ಬಿಂದು P. ಈಗ OBP ಮತ್ತು OPA ತ್ರಿಭುಜಗಳನ್ನು ನೋಡಿ. O ಕೋನ ಎರಡಕ್ಕೂ ಒಂದೇ. OB/OP ಎಂದರೆ R/d, OP/OA ಎಂದರೂ R/d. ಆದ್ದರಿಂದ ತ್ರಿಭುಜಗಳು ಸಮರೂಪ, ಮೂರನೆಯ ಬದಿಗಳ ಅನುಪಾತ BP/PA ಕೂಡ R/d. P ಎಲ್ಲಿದ್ದರೂ ಈ ಅನುಪಾತ ಬದಲಾಗುವುದಿಲ್ಲ. ಹಾಗಾದರೆ B ಯಲ್ಲಿ q' = −qR/d ಇಟ್ಟರೆ, ಪ್ರತಿ P ಯಲ್ಲೂ q ಕೊಟ್ಟ ವಿಭವವನ್ನು q' ಸರಿಯಾಗಿ ಅಳಿಸಿಹಾಕುತ್ತದೆ. ಹೊರಗಿನ ಜಾಗದಲ್ಲಿ ಗಡಿಯ ನಿಬಂಧನೆಗಳನ್ನು ಪಾಲಿಸುವ ಉತ್ತರ ಒಂದೇ ಇರಲು ಸಾಧ್ಯ ಎಂಬ ಅನನ್ಯತೆಯ ಪ್ರಮೇಯ ಇರುವುದರಿಂದ, ಊಹಿಸಿ ತಂದ ಈ ಉತ್ತರವೇ ನಿಜವಾದ ಉತ್ತರ.

ನಮ್ಮ ಗೋಳಕ್ಕೆ q' = −4 ನ್ಯಾನೊಕೂಲಂ, ಜಾಗ ಕೇಂದ್ರದಿಂದ 10²/25 = 4 ಸೆಂ.ಮೀ. ಮುಂದಕ್ಕೆ ಹೋಗುವ ಮೊದಲು ಎರಡು ಬಿಂದುಗಳಲ್ಲಿ ಪರೀಕ್ಷೆ ಮಾಡಿ, ಅರ್ಧ ನಿಮಿಷವೂ ಬೇಡ. ಆವೇಶಕ್ಕೆ ಎದುರಾಗಿರುವ ಹತ್ತಿರದ ತುದಿಯಲ್ಲಿ 10/15 ಮತ್ತು 4/6, ಎರಡೂ 0.667. ಹಿಂಬದಿಯ ತುದಿಯಲ್ಲಿ 10/35 ಮತ್ತು 4/14, ಎರಡೂ 0.286. ಇವು ಹೊಂದದಿದ್ದರೆ ದೂರವನ್ನು ಎಲ್ಲೋ ಮೇಲ್ಮೈಯಿಂದ ಅಳೆದಿದ್ದೀರಿ ಎಂದರ್ಥ.

ಬಲ ಈಗ ಸುಲಭ. ಎರಡು ಆವೇಶಗಳ ನಡುವೆ 21 ಸೆಂ.ಮೀ. ಬಲ = 9×10⁹ × 10×10⁻⁹ × 4×10⁻⁹ / 0.21² = 8.16×10⁻⁶ ನ್ಯೂಟನ್, ಗೋಳದ ಕಡೆಗೆ ಎಳೆತ. ಸುಮಾರು 0.8 ಮಿಲಿಗ್ರಾಂ ತೂಕದಷ್ಟು, ಒಂದು ಸಾಸಿವೆ ಕಾಳಿಗಿಂತಲೂ ಕಡಿಮೆ. ಕೇಂದ್ರದಲ್ಲಿ −4 ಇಟ್ಟವರ 5.76 ಇದಕ್ಕಿಂತ ಸುಮಾರು ಶೇಕಡ 30ರಷ್ಟು ಕಮ್ಮಿ. ಸೂತ್ರವಾಗಿ ಬರೆದರೆ F = kq²Rd/(d²−R²)².

ಮೇಲ್ಮೈಯ ಯಾವ ಜಾಗದಲ್ಲಿ ಎಷ್ಟು ದಟ್ಟವಾಗಿ ಆವೇಶ ಕೂತಿದೆ ಎಂಬುದೂ ಇದೇ ದಾರಿಯಲ್ಲಿ ಸಿಗುತ್ತದೆ. ಹತ್ತಿರದ ತುದಿಯಲ್ಲಿ q ಕೊಡುವ ಕ್ಷೇತ್ರ 4000 ವೋಲ್ಟ್/ಮೀಟರ್, q' ಕೊಡುವುದು 10000. ಎರಡೂ ಗೋಳದ ಒಳಮುಖ, ಒಟ್ಟು 14000. ಅದನ್ನು ε₀ ಇಂದ ಗುಣಿಸಿದರೆ ಚದರ ಮೀಟರಿಗೆ −124 ನ್ಯಾನೊಕೂಲಂ. ಹಿಂಬದಿಯಲ್ಲಿ q ಹೊರಕ್ಕೆ 735, q' ಒಳಕ್ಕೆ 1837. ಉಳಿದದ್ದು 1102 ಒಳಕ್ಕೆ, ಸಾಂದ್ರತೆ −9.8. ಹತ್ತಿರದ್ದು ಹಿಂಬದಿಯದರ ಸುಮಾರು 13 ಪಟ್ಟು. ಆದರೆ ಗಮನಿಸಿ, ಹಿಂಬದಿಯಲ್ಲೂ ಋಣವೇ. "ಹಿಂದೆ ಧನ ಆವೇಶ ಇರಬೇಕಲ್ಲ ಸರ್" ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಎರ್ತ್ ತಂತಿ ಇರುವಾಗ ಧನಕ್ಕೆ ಅಲ್ಲಿ ನಿಲ್ಲುವ ಕಾರಣವಿಲ್ಲ, ಅದು ಭೂಮಿಗೆ ಇಳಿದಿದೆ. ಒಟ್ಟು −4 ರಲ್ಲಿ −3.1 ಎದುರಿನ ಅರ್ಧಗೋಳದಲ್ಲಿ, ಉಳಿದ −0.9 ಹಿಂಬದಿಯ ಅರ್ಧದಲ್ಲಿ.

ಪ್ರತಿಬಿಂಬವನ್ನು ನಂಬಬೇಕಾದದ್ದು ಹೊರಗೆ ಮಾತ್ರ. ಗೋಳದ ಒಳಗೆ ಕ್ಷೇತ್ರ ಸೊನ್ನೆ. ಅಲ್ಲಿ q' ನ ಕ್ಷೇತ್ರವನ್ನು ಲೆಕ್ಕ ಹಾಕಿದರೆ, ಇಲ್ಲದ ವಸ್ತುವಿನ ನೆರಳು ಅಳೆದ ಹಾಗೆ.

ಬಲವನ್ನು ಶಕ್ತಿಯಿಂದಲೂ ಪಡೆಯಬಹುದು ಎಂದು ಕೆಲವರು ಆ ಕಡೆ ಹೋಗುತ್ತಾರೆ. ಹೋಗಲಿ, ಆದರೆ ಅಲ್ಲೊಂದು ಹೊಂಡ ಉಂಟು. q ಮತ್ತು q' ಎರಡೂ ನಿಜವಾದ ಆವೇಶಗಳೆಂದುಕೊಂಡು kqq'/(ದೂರ) ಎಂದು ಬರೆದು, ಅದನ್ನು d ಗೆ ಅವಕಲಿಸಿದರೆ ಸರಿಯಾಗಿ ಎರಡು ಪಟ್ಟು ಬಲ ಬರುತ್ತದೆ, 16.3 ಮೈಕ್ರೊನ್ಯೂಟನ್. ಕಾರಣ, q' ಸ್ಥಿರವಾದ ಆವೇಶವಲ್ಲ. q ಅನ್ನು ಅನಂತದಿಂದ ತರುತ್ತಾ ಬಂದಂತೆ ಅದು ಸೊನ್ನೆಯಿಂದ ಬೆಳೆಯುತ್ತದೆ, ಜಾಗವೂ ಬದಲಾಗುತ್ತದೆ. ಪ್ರೇರಿತ ಆವೇಶಗಳು ಸೊನ್ನೆ ವಿಭವದಲ್ಲಿ ಕೂತಿರುವುದರಿಂದ ಅವುಗಳ ಪಾಲಿನ ಶಕ್ತಿ ಸೊನ್ನೆ, q ನ ಪಾಲಿನ ಅರ್ಧ ಮಾತ್ರ ಉಳಿಯುತ್ತದೆ. ಸರಿಯಾದ ಶಕ್ತಿ −kq²R/2(d²−R²), ನಮ್ಮಲ್ಲಿ −0.857 ಮೈಕ್ರೊಜೂಲ್. ಇದನ್ನು ಅವಕಲಿಸಿದರೆ 8.16 ಸರಿಯಾಗಿ ಬರುತ್ತದೆ. "q ಅನ್ನು ಅನಂತಕ್ಕೆ ಒಯ್ಯಲು ಎಷ್ಟು ಕೆಲಸ" ಎಂದು ಕೇಳಿದಾಗ ಶಕ್ತಿಯ ದಾರಿ ಬೇಕೇ ಬೇಕು. ಬಲವನ್ನಷ್ಟೇ ಕೇಳಿದಾಗ ಕೂಲಂ ನಿಯಮವನ್ನು ಬಿಟ್ಟು ಇಲ್ಲಿಗೆ ಬರುವುದರಲ್ಲಿ ಲಾಭವಿಲ್ಲ.

ಇನ್ನು ನನಗೆ ತುಂಬ ಇಷ್ಟವಾದ, ಪಠ್ಯದಲ್ಲಿ ಹೆಚ್ಚಾಗಿ ಕಾಣದ ಹೋಲಿಕೆ. ಆವೇಶ ಗೋಳಕ್ಕೆ ತೀರ ಹತ್ತಿರ ಇದ್ದರೆ, ಗೋಳವನ್ನು ಚಪ್ಪಟೆ ತಗಡು ಎಂದೇ ಭಾವಿಸಿದರೆ ಆಗುವುದಿಲ್ಲವೇ? ಆಗ ಪ್ರತಿಬಿಂಬ −q, ಕನ್ನಡಿಯಲ್ಲಿ ಕಂಡಂತೆ ಅಷ್ಟೇ ದೂರ ಆಚೆಗೆ. ಮೇಲ್ಮೈಯಿಂದ ಆವೇಶದ ದೂರ h ಆದರೆ ಬಲ kq²/4h². ಗೋಳದ ನಿಜವಾದ ಬಲವನ್ನು ಇದರಿಂದ ಭಾಗಿಸಿದರೆ ಒಂದು ಚೆಂದದ ಅನುಪಾತ ಬರುತ್ತದೆ: 1 − h²/(2R+h)². ಆವೇಶವನ್ನು ಗೋಳದಿಂದ 1 ಸೆಂ.ಮೀ. ದೂರಕ್ಕೆ ತಂದರೆ, ಅಂದರೆ d = 11 ಸೆಂ.ಮೀ., ಅನುಪಾತ 1 − 1/441. ತಗಡಿನ ಲೆಕ್ಕ 2.250 ಮಿಲಿನ್ಯೂಟನ್ ಕೊಟ್ಟರೆ ಗೋಳದ್ದು 2.245. ವ್ಯತ್ಯಾಸ ಶೇಕಡ 0.2 ಮಾತ್ರ.

ಹಾಗೆಂದು ಅದೇ ತಗಡನ್ನು ಒಟ್ಟು ಆವೇಶಕ್ಕೂ ಹಿಡಿದರೆ ಕೆಟ್ಟಿತು. ತಗಡಿನ ಮೇಲೆ ಪೂರ್ತಿ −10 ನ್ಯಾನೊಕೂಲಂ ಬರುತ್ತದೆ, ಗೋಳದ ಮೇಲೆ −9.09. ಬಲದಲ್ಲಿ ಕೂದಲೆಳೆಯಷ್ಟು ತಪ್ಪು, ಆವೇಶದಲ್ಲಿ ಶೇಕಡ 10. ಏಕೆಂದರೆ ಬಲವನ್ನು ಆಳುವುದು ಎದುರಿಗಿರುವ ಸಣ್ಣ ತುಣುಕು ಮೇಲ್ಮೈ, ಅದು ಹೆಚ್ಚುಕಡಿಮೆ ಚಪ್ಪಟೆಯೇ. ಒಟ್ಟು ಆವೇಶಕ್ಕೆ ದೂರ ದೂರದ ಮೇಲ್ಮೈಯೂ ಲೆಕ್ಕಕ್ಕೆ ಬರುತ್ತದೆ, ಗೋಳ ಅಲ್ಲಿ ಬಾಗಿ ಹಿಂದೆ ಸರಿದಿದೆ. ನಮ್ಮ ಮೊದಲಿನ 25 ಸೆಂ.ಮೀ. ಸ್ಥಿತಿಯಲ್ಲಿ ತಗಡಿನ ಲೆಕ್ಕ 10 ಮೈಕ್ರೊನ್ಯೂಟನ್ ಕೊಡುತ್ತದೆ, ನಿಜವಾದದ್ದು 8.16. ಅಲ್ಲಿ ಬಲಕ್ಕೂ ಅದು ಬೇಡ. h ಎಂಬುದು R ನ ಹತ್ತನೇ ಒಂದರಷ್ಟಿದ್ದರೆ ಬಲಕ್ಕೆ ಧೈರ್ಯವಾಗಿ ಬಳಸಿ, ಅದಕ್ಕಿಂತ ದೂರ ಹೋದಂತೆ ಮೇಲಿನ ಅನುಪಾತವನ್ನು ಒಮ್ಮೆ ನೋಡಿಕೊಳ್ಳಿ.

ಹುಡುಗಿ ಬರೆದು ತಂದ ಲೆಜಾಂಡ್ರ್ ಸರಣಿಯನ್ನು ನಾನು ಹೀಗಳೆಯುತ್ತಿಲ್ಲ. ಅದು ಇಲ್ಲಿ ಬೇಡ ಅಷ್ಟೇ. ಸರಣಿಯಿಂದ ಬಲ ತೆಗೆದರೆ ಮೊದಲ ಪದ 5.76 ಮೈಕ್ರೊನ್ಯೂಟನ್, ಅಂದರೆ ಕೇಂದ್ರದಲ್ಲಿ −4 ಇಟ್ಟವರ ಅದೇ ಉತ್ತರ. ಎರಡನೆಯದನ್ನು ಕೂಡಿದರೆ 7.60, ಮೂರನೆಯದಕ್ಕೆ 8.05, ಐದು ಪದಕ್ಕೆ ಹೋಗುವಾಗ 8.16. ಚೆನ್ನಾಗಿಯೇ ಕೂಡುತ್ತದೆ. ಆವೇಶವನ್ನು 11 ಸೆಂ.ಮೀ.ಗೆ ತಂದುಬಿಟ್ಟರೆ ಮಾತ್ರ ಶೇಕಡ 1ರ ಒಳಗೆ ಬರಲು 35 ಪದಗಳು ಬೇಕು. ತಗಡಿನ ಲೆಕ್ಕ ಎಲ್ಲಿ ಚುರುಕೋ ಅಲ್ಲೇ ಸರಣಿ ಕುಂಟುತ್ತದೆ. ಸರಣಿಯ ನಿಜವಾದ ಜಾಗ ಬೇರೆ: ಗೋಳ ಲೋಹದ್ದಲ್ಲ, ಗಾಜು ಅಥವಾ ಮೇಣದಂಥ ಅವಾಹಕ ಎಂದಾದರೆ ಒಂದೇ ಬಿಂದು ಪ್ರತಿಬಿಂಬ ಸಾಕಾಗುವುದಿಲ್ಲ. ಆಗ ಈ ನಾಲ್ಕು ಪುಟಗಳಿಗೆ ಬೆಲೆ ಬರುತ್ತದೆ. ಅವಳಿಗೆ ಅದನ್ನೇ ಹೇಳಿದೆ, ಹಾಳೆ ಹರಿಯಬೇಡ, ಇಟ್ಟುಕೋ.

ದಾರಿ ಆರಿಸುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದನ್ನು ನಾನು ಇಷ್ಟು ಹೊತ್ತು ಪಕ್ಕಕ್ಕಿಟ್ಟಿದ್ದೆ. ಗೋಳ ನಿಜವಾಗಿ ಎರ್ತ್ ಆಗಿದೆಯೇ? ತಂತಿ ಇಲ್ಲದೆ, ಒಣ ಗಾಜಿನ ಕಂಬದ ಮೇಲೆ ಕೂತ ಆವೇಶವಿಲ್ಲದ ಗೋಳವಾದರೆ ಅದರ ಒಟ್ಟು ಆವೇಶ ಸೊನ್ನೆಯೇ ಇರಬೇಕು. ಆಗ q' ಜೊತೆಗೆ ಕೇಂದ್ರದಲ್ಲಿ +4 ನ್ಯಾನೊಕೂಲಂ ಕೂಡ ಇಡಬೇಕು. ಕೇಂದ್ರದಲ್ಲೇ ಯಾಕೆಂದರೆ ಗೋಳದ ಮೇಲ್ಮೈ ಪೂರ್ತಿ ಒಂದೇ ವಿಭವದಲ್ಲಿ ಉಳಿಯಬೇಕು. ಆ ವಿಭವ ಈಗ ಸೊನ್ನೆಯಲ್ಲ, 360 ವೋಲ್ಟ್. ಈ +4 ನ್ಯಾನೊಕೂಲಂ q ಅನ್ನು 5.76 ಮೈಕ್ರೊನ್ಯೂಟನ್ ಬಲದಿಂದ ದೂಡುತ್ತದೆ. 8.16 ಎಳೆತದಲ್ಲಿ ಅದನ್ನು ಕಳೆದರೆ ಉಳಿಯುವುದು 2.40. ತಂತಿ ಕಡಿದರೆ ಎಳೆತ ಮೂರನೇ ಒಂದಕ್ಕಿಂತಲೂ ಕೆಳಗೆ! ಹಿಂಬದಿಯಲ್ಲಿ ಧನ ಆವೇಶ ಕಾಣಿಸುವುದೂ ಇಲ್ಲಿಯೇ, ಚದರ ಮೀಟರಿಗೆ +22 ನ್ಯಾನೊಕೂಲಂ. ದೂರ ಹೋದಂತೆ ಅಂತರ ಇನ್ನೂ ಹಿಗ್ಗುತ್ತದೆ. ಎರ್ತ್ ಆದ ಗೋಳದ ಎಳೆತ ದೂರದ ಘನಕ್ಕೆ ವಿಲೋಮವಾಗಿ ಕುಗ್ಗಿದರೆ, ಬೇರ್ಪಟ್ಟ ಗೋಳದ್ದು ಐದನೇ ಘಾತಕ್ಕೆ. ಪ್ರಶ್ನೆಯಲ್ಲಿ "ಭೂಸಂಪರ್ಕಿತ" ಎಂಬ ಒಂದು ಪದ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ಓದಿ ಎಂದು ಹೇಳುವುದು ಅದಕ್ಕೆ.

ಎರ್ತ್ ಮಾತು ಬಂದಾಗ ಅವಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ನಮ್ಮ ಮನೆಯಲ್ಲಿ ಬೇಸಗೆಯಲ್ಲಿ ಎರ್ತ್ ಗುಂಡಿಗೆ ಅಪ್ಪ ನೀರು ಹೊಯ್ತಾರೆ ಸರ್. ಮುರಕಲ್ಲಿನ ನೆಲ, ಒಣಗಿದರೆ ಎರ್ತ್ ಸರಿ ಸಿಗುವುದಿಲ್ಲವಂತೆ. ಹಾಗಾದರೆ ಈ ಗೋಳಕ್ಕೂ ತೊಂದರೆ ಅಲ್ವಾ?"

ಇಲ್ಲ. ಮನೆಯ ವೈರಿಂಗಿನಲ್ಲಿ ಎರ್ತ್ ಬೇಕಾಗುವುದು ದೊಡ್ಡ ಕರೆಂಟು ಹರಿದು ಹೋಗಲಿಕ್ಕೆ, ಅದಕ್ಕೆ ರೋಧ ಕೆಲವೇ ಓಮ್ ಇರಬೇಕು. ಇಲ್ಲಿ ಒಟ್ಟು ಇಳಿಯಬೇಕಾದದ್ದು 4 ನ್ಯಾನೊಕೂಲಂ. ಈ ಗೋಳದ ಧಾರಕತೆ ಸುಮಾರು 11 ಪಿಕೊಫ್ಯಾರಡ್. ಎರ್ತ್ ದಾರಿಯ ರೋಧ 10 ಕೋಟಿ ಓಮ್ ಇದ್ದರೂ ಕಾಲಸ್ಥಿರಾಂಕ ಬರೇ ಒಂದು ಮಿಲಿಸೆಕೆಂಡ್. ಬೆರಳು ಮುಟ್ಟಿಸಿದರೂ ಸಾಕು. ನಮ್ಮಲ್ಲಿ ತೊಂದರೆ ಕೊಡುವುದು ಇದರ ತದ್ವಿರುದ್ಧ: ಜೂನ್ ಬಂದು ಮಳೆ ಹಿಡಿದ ಮೇಲೆ ಗಾಜಿನ ಕಂಬದ ಮೇಲೂ ತೇವದ ಪೊರೆ ಕೂರುತ್ತದೆ. ಬೇರ್ಪಡಿಸಿದ್ದೇವೆ ಅಂದುಕೊಂಡ ಗೋಳ ತನ್ನಷ್ಟಕ್ಕೆ ಎರ್ತ್ ಆಗಿಬಿಡುತ್ತದೆ, q ಅನ್ನು ಹೊತ್ತ ಸಣ್ಣ ಗುಂಡೂ ಸೋರಿ ಹೋಗುತ್ತದೆ. ಗೋಳ ಬೇರೆಯಾಗಿಯೇ ಇದೆಯೋ ಎಂದು ತಿಳಿಯಲು, q ಹತ್ತಿರ ಇರುವಾಗ ಗೋಳವನ್ನು ಬೆರಳಿನಿಂದ ಮುಟ್ಟಿ, ಮೊದಲು ಬೆರಳು ತೆಗೆದು, ಆಮೇಲೆ q ಅನ್ನು ದೂರ ಒಯ್ಯಿರಿ. ಗೋಳದಲ್ಲಿ −4 ನ್ಯಾನೊಕೂಲಂ ಸಿಕ್ಕಿಬಿದ್ದು ಅದು −360 ವೋಲ್ಟಿಗೆ ನಿಲ್ಲಬೇಕು. ಚಿನ್ನದೆಲೆಯ ವಿದ್ಯುದ್ದರ್ಶಕಕ್ಕೆ ತಾಗಿಸಿದಾಗ ಎಲೆ ಅರಳದಿದ್ದರೆ ಅವತ್ತಿನ ಪ್ರಯೋಗ ಬಿಟ್ಟು ಚಾ ಕುಡಿಯಲು ಹೋಗುವುದೇ ಮೇಲು.

ಕೊನೆಯದಾಗಿ, ಪ್ರತಿಬಿಂಬ ಎಂಬುದೇ ನಂಬಿಕೆ ಬಾರದವರಿಗೆ ಒಂದು ದಾರಿ. ಅವಳ ತಮ್ಮ ಅಂಥವನಂತೆ, ಇಲ್ಲದ ಆವೇಶ ಎಳೆಯುವುದು ಹೇಗೆ ಎಂದು ಜಗಳ ಮಾಡುತ್ತಾನಂತೆ. ಅವನ ಪ್ರಶ್ನೆ ನ್ಯಾಯವಾದದ್ದು. ಎಳೆಯುವುದು ಮೇಲ್ಮೈಯಲ್ಲಿ ನಿಜವಾಗಿ ಕೂತಿರುವ ಆವೇಶ. ಅಲ್ಲಿನ ಆವೇಶ ಸಾಂದ್ರತೆ σ ಆದರೆ, ಮೇಲ್ಮೈಯ ಪ್ರತಿ ತುಣುಕಿನ ಮೇಲೂ ಹೊರಮುಖವಾಗಿ σ²/2ε₀ ಒತ್ತಡ ಇರುತ್ತದೆ. ಅದನ್ನೆಲ್ಲ ಗೋಳದ ಸುತ್ತ ಕೂಡಿದರೆ ಗೋಳದ ಮೇಲಿನ ಬಲ ಬರಬೇಕು. ಕೈಯಲ್ಲಿ ಮಾಡಲು ಬೇಸರ, ಕಂಪ್ಯೂಟರಿಗೆ ಕೊಟ್ಟರೆ ಕ್ಷಣದ ಕೆಲಸ:

```python
from math import pi, sin, cos
q, R, d, e0 = 10e-9, 0.10, 0.25, 8.854e-12
N = 2000
Q = F = 0.0
for i in range(N):
    t = (i + 0.5) * pi / N
    s = -q*(d*d - R*R) / (4*pi*R*(R*R + d*d - 2*R*d*cos(t))**1.5)
    dA = 2*pi*R*R*sin(t)*pi/N
    Q += s*dA
    F += s*s/(2*e0)*cos(t)*dA
print(Q, F)
```

ಇದರಲ್ಲಿ `s` ಎಂಬುದು ಪ್ರತಿಬಿಂಬದ ದಾರಿಯಲ್ಲೇ ಸಿಕ್ಕ ಸಾಂದ್ರತೆ, `t` ಎಂಬುದು ಆವೇಶದ ದಿಕ್ಕಿನಿಂದ ಅಳೆದ ಕೋನ. ಗೋಳವನ್ನು 2000 ಉಂಗುರಗಳಾಗಿ ಕತ್ತರಿಸಿ ಕೂಡಿದ್ದೇವೆ. `Q` −4 ನ್ಯಾನೊಕೂಲಂ ಎಂದೇ ಬರುತ್ತದೆ. `F` ಧನವಾಗಿ, ಅಂದರೆ ಗೋಳ q ನ ಕಡೆಗೆ ಎಳೆಯಲ್ಪಡುವಂತೆ, 8.15 ಮೈಕ್ರೊನ್ಯೂಟನ್ ತೋರಿಸುತ್ತದೆ. 8.16 ಯಾಕೆ ಬರಲಿಲ್ಲ ಎಂದು ಅವಳ ತಮ್ಮ ಮತ್ತೆ ಜಗಳಕ್ಕೆ ಬಂದರೆ, ನಾವು k ಅನ್ನು 9×10⁹ ಎಂದು ದುಂಡು ಮಾಡಿಕೊಂಡಿದ್ದೆವು, ಪ್ರೋಗ್ರಾಮಿನಲ್ಲಿ ε₀ ಮೂಲಕ ಬಂದದ್ದು 8.988×10⁹ ಎಂದು ಹೇಳಬೇಕು.